ಒಂದೇ ಸ್ಕ್ರೀನಿನಲ್ಲಿ ಹೇಳಿ, ನೋಡೋಣ

‘ನಂಗೆ ಕಥೆ ಬೇಡ, ಒಂದೇ ಸ್ಕ್ರೀನಿನಲ್ಲಿ ಹೇಳಿ’ ಎನ್ನುವ ಎಂ.ಡಿ.ಗಳ ಸಂಖ್ಯೆ ಈಚೆಗೆ ಹೆಚ್ಚಿದೆ. ಕೇಳಿದವರು ‘ಅಬ್ಬಾ, ಸಮಯದ ಬೆಲೆ ಬಲ್ಲವರು’ ಎಂದುಕೊಳ್ಳುತ್ತಾರೆ. ಬಲ್ಲವರೇ ಇರಬಹುದು. ಆದರೆ ಅದೇ ಸಾಹೇಬರು ಸೋಮವಾರದ ರಿವ್ಯೂ ಮೀಟಿಂಗಿನಲ್ಲಿ ಎರಡೂವರೆ ಗಂಟೆ ಕೂತು, ಕ್ಯಾಂಟೀನಿನ ವಡೆ ತಣ್ಣಗಾದದ್ದು ಯಾಕೆ ಎಂಬುದರವರೆಗೆ ವಿಚಾರಣೆ ನಡೆಸಿ ಎದ್ದುಹೋಗುವುದನ್ನೂ ನಾವು ನೋಡಿದ್ದೇವೆ. ಹಾಗಾಗಿ ಒಂದು ಸ್ಕ್ರೀನಿನ ಬೇಡಿಕೆಗೂ ಸಮಯಕ್ಕೂ ಇರುವ ನಂಟು ನಾವಂದುಕೊಂಡಷ್ಟು ಗಟ್ಟಿಯಾದದ್ದಲ್ಲ. ಕೆಳಗಿನವರು ನಿಜವಾಗಿಯೂ ಒಂದು ಸ್ಕ್ರೀನಿನಲ್ಲಿ ಹೇಳಿಬಿಟ್ಟರೆ ಏನಾಗುತ್ತದೆ ಎಂಬುದು ಅದಕ್ಕಿಂತ ಸ್ವಾರಸ್ಯದ ಸಂಗತಿ. ಏನಾಗುತ್ತದೆ ಎಂದರೆ, ಮೇಲಿನವರು ಉತ್ತರ ಕೊಡಬೇಕಾಗುತ್ತದೆ.

ಒಂದು ಉದಾಹರಣೆ ಕಟ್ಟಿಕೊಳ್ಳೋಣ. ಪೀಣ್ಯದಲ್ಲಿ ಒಂದು ಕಾರ್ಖಾನೆ, ವಾಹನಗಳ ಬಿಡಿಭಾಗ ಮಾಡುವಂಥದ್ದು. ಹೆಸರು ಬೇಡ, ಪೀಣ್ಯದಲ್ಲಿ ಕಲ್ಲೆಸೆದರೆ ಇಂಥದ್ದೊಂದರ ಶೀಟಿಗೇ ಬೀಳುತ್ತದೆ. ಅಂಕಿಗಳನ್ನು ಲೆಕ್ಕಕ್ಕೆ ಅನುಕೂಲವಾಗಲೆಂದು ನಾನೇ ದುಂಡಗೆ ಮಾಡಿಟ್ಟಿದ್ದೇನೆ. ತಿಂಗಳಿಗೆ 400 ಖರೀದಿ ಬಿಲ್ ಬರುತ್ತವೆ. ಮಾಲು ಗೇಟಿಗೆ ಬಂದಾಗ ಸೆಕ್ಯೂರಿಟಿಯವರು ಇನ್‌ವರ್ಡ್ ರಿಜಿಸ್ಟರಿನಲ್ಲಿ ಬರೆದುಕೊಳ್ಳುತ್ತಾರೆ. ಸ್ಟೋರ್ಸಿನವರು ಇಳಿಸಿಕೊಂಡು ಎಣಿಸುತ್ತಾರೆ, ಕ್ಯೂಸಿ ನೋಡುತ್ತದೆ, ಜಿಆರ್‌ಎನ್ ಆಗುತ್ತದೆ. ಆಮೇಲೆ ಬಿಲ್ ಅಕೌಂಟ್ಸಿಗೆ ಹೋಗುತ್ತದೆ. ಅಲ್ಲಿ ಬಿಲ್ ಪಾಸಿಂಗ್ ಮೇಡಂ ಪಿಒ, ಜಿಆರ್‌ಎನ್, ಬಿಲ್ ಮೂರನ್ನೂ ಎದುರಿಗಿಟ್ಟುಕೊಂಡು ತಾಳೆ ನೋಡುತ್ತಾರೆ. ರೇಟು, ಸಂಖ್ಯೆ, ಜಿಎಸ್‌ಟಿ ಮೂರೂ ಕೂಡಿಬಂದರೆ ಪಾವತಿಯ ಸಾಲಿಗೆ ಸೇರಿಸುತ್ತಾರೆ.

ತೊಂದರೆ ಇರುವುದು ಬಿಲ್ ಮೇಲೆ ಪಿಒ ನಂಬರ್ ಇಲ್ಲದಿದ್ದಾಗ. ಸಪ್ಲೈಯರ್ ಮರೆತಿರುತ್ತಾನೆ, ಅಥವಾ ಅವನ ಟ್ಯಾಲಿಯಲ್ಲಿ ಆ ಖಾನೆಯೇ ಪ್ರಿಂಟ್ ಆಗುವುದಿಲ್ಲ. ಆಗ ಮೇಡಂ ಬಿಲ್ಲಿಗೆ ಹಳದಿ ಚೀಟಿ ಅಂಟಿಸಿ ಪರ್ಚೇಸಿಗೆ ವಾಪಸ್ ಕಳಿಸುತ್ತಾರೆ. ಪರ್ಚೇಸಿನವರು ‘ಸ್ಟೋರ್ಸನ್ನು ಕೇಳಿ’ ಎನ್ನುತ್ತಾರೆ. ಸ್ಟೋರ್ಸಿನವರು ‘ನಾವು ಎಣಿಸೋರು, ಓದೋರಲ್ಲ’ ಎನ್ನುತ್ತಾರೆ. ಕೊನೆಗೆ ಸಪ್ಲೈಯರಿಗೆ ಫೋನು, ಅವನ ಕಡೆಯಿಂದ ಮೇಲ್, ಆ ಮೇಲ್ ಯಾರಿಗೆ ಬಂತೆಂದು ಇನ್ನೊಂದು ಹುಡುಕಾಟ. ತಿಂಗಳಿಗೆ 60 ಬಿಲ್ ಹೀಗೆ ಕಾಲಾಡಿಸುತ್ತವೆ. ಸರಿಯಿದ್ದ ಬಿಲ್ಲಿಗೆ 38ನೇ ದಿನ ದುಡ್ಡು ಹೋಗುತ್ತದೆ, ಅಲೆದ ಬಿಲ್ಲಿಗೆ 57ನೇ ದಿನ.

ಇದಕ್ಕೆ ಮದ್ದು ಎಲ್ಲರಿಗೂ ಗೊತ್ತು. ಬಿಲ್ ಒಳಗೆ ಬರುವಾಗಲೇ, ಗೇಟಿನಲ್ಲೇ, ನಂಬರ್ ಇದೆಯೇ ಎಂದು ನೋಡಿದರಾಯಿತು. ಕ್ಯಾಂಟೀನಿನಲ್ಲಿ ಇದನ್ನು ಹೇಳದವರಿಲ್ಲ. ಎಂ.ಡಿ.ಗೆ ಹೇಳಿದವರು ಮಾತ್ರ ಯಾರೂ ಇಲ್ಲ.

ಕೊನೆಗೂ ಡೆಪ್ಯುಟಿ ಮ್ಯಾನೇಜರ್ ಒಬ್ಬರು ಮುಂದೆ ಬಂದರು. ಅವರಿಗೆ ಮುಂದಿನ ಏಪ್ರಿಲ್‌ನಲ್ಲಿ ‘ಡೆಪ್ಯುಟಿ’ ಎಂಬ ಪದ ಕಳಚಿಕೊಳ್ಳುವ ಆಸೆಯಿತ್ತು. 34 ಸ್ಲೈಡ್ ಮಾಡಿದರು. ಎಂ.ಡಿ. ‘ಒಂದೇ ಸ್ಕ್ರೀನು’ ಎಂದಾಗ ಅವರು ಧೃತಿಗೆಡಲಿಲ್ಲ. 34ನ್ನೂ ಕುಗ್ಗಿಸಿ ಒಂದರೊಳಗೆ ತುರುಕಿದರು. ಅದು ನಮ್ಮ ಮದುವೆ ಕಾಗದದಂತೆ ಆಯಿತು. ಮೇಲೆ ಕುಲದೇವರ ಜಾಗದಲ್ಲಿ ಕಂಪನಿಯ ವಿಷನ್ನು, ಎಡಗಡೆ ಹಿರಿಯರ ಆಶೀರ್ವಾದವಾಗಿ ಗ್ರೂಪಿನ ಅಧ್ಯಕ್ಷರ ಮಾತು, ಕೆಳಗೆ ‘ಸುಖಾಗಮನ ಬಯಸುವವರು’ ಎಂಬಂತೆ ಎಂಟು ಡಿಪಾರ್ಟ್‌ಮೆಂಟಿನ ಹೆಸರು, ಬಲಕ್ಕೊಂದು ಬಣ್ಣದ ಚಕ್ರ. ಮದುವೆ ಯಾರದು ಎಂದು ಮಾತ್ರ ಕನ್ನಡಕ ಹಾಕಿ ಹುಡುಕಬೇಕು. ಹುಡುಕಿದವರಿಗೆ ಬಲತುದಿಯಲ್ಲಿ ಕೆಂಪು ಅಕ್ಷರದಲ್ಲಿ ಸಿಗುತ್ತಿದ್ದದ್ದು ಇಷ್ಟು: ‘ವಾರ್ಷಿಕ ಉಳಿತಾಯ: ₹32.88 ಲಕ್ಷ’.

ಸಿಎಫ್‌ಒ ಕನ್ನಡಕ ಹಾಕಿಕೊಂಡೇ ಬಂದಿದ್ದರು.

‘ಈ 32 ಎಲ್ಲಿಂದ ಬಂತು?’

‘ಸಾರ್, 30 ಲಕ್ಷ ಟ್ಯಾಕ್ಸಿನಿಂದ, 2.88 ಲಕ್ಷ ಮ್ಯಾನ್‌ಪವರಿನಿಂದ.’

‘ಮ್ಯಾನ್‌ಪವರ್ ಮೊದಲು ಹೇಳಿ. ಯಾರನ್ನು ತೆಗೀತೀರಿ?’

‘ಯಾರನ್ನೂ ಇಲ್ಲ ಸಾರ್. ಒಂದು ಬಿಲ್ಲಿಗೆ 40 ನಿಮಿಷ, 60 ಬಿಲ್, 12 ತಿಂಗಳು. ವರ್ಷಕ್ಕೆ 480 ಗಂಟೆ. ಗಂಟೆಗೆ 600 ರೂಪಾಯಿ.’

‘ಹಾಗಾದರೆ ಸಂಬಳದ ಚೆಕ್ಕು ಎಷ್ಟು ಕಡಿಮೆ ಆಗುತ್ತೆ?’

ಚೆಕ್ಕು ಒಂದು ಪೈಸೆಯೂ ಕಡಿಮೆಯಾಗುವುದಿಲ್ಲ. ಮೇಡಂಗೆ ಸಂಬಳ ಅಷ್ಟೇ, ಅವರು ಆರಕ್ಕೆ ಬದಲು ಐದೂವರೆಗೆ ಮನೆಗೆ ಹೋಗಬಹುದು. ಅದು ಒಳ್ಳೆಯದೇ, ಆದರೆ ಬ್ಯಾಂಕಿಗೆ ಬರುವ ದುಡ್ಡಲ್ಲ. ಉಳಿದ ಗಂಟೆಯನ್ನು ರೂಪಾಯಿಗೆ ಗುಣಿಸಿ ಉಳಿತಾಯ ಎಂದು ಬರೆದ ಪ್ರತಿಯೊಂದು ಪ್ರಸ್ತಾಪವನ್ನೂ ಹಣಕಾಸಿನವರು ಇದೇ ಒಂದು ಪ್ರಶ್ನೆಯಿಂದ ಮಲಗಿಸುತ್ತಾರೆ.

ಟ್ಯಾಕ್ಸಿನ 30 ಲಕ್ಷದ ಕಥೆ ಇನ್ನೂ ರಂಜನೀಯ. ಸೂಕ್ಷ್ಮ ಮತ್ತು ಸಣ್ಣ ಉದ್ದಿಮೆಗಳಿಗೆ ಗಡುವಿನೊಳಗೆ ದುಡ್ಡು ಕೊಡದಿದ್ದರೆ ಆ ಖರ್ಚನ್ನು ಆ ವರ್ಷದ ಆದಾಯದಿಂದ ಕಳೆಯುವಂತಿಲ್ಲ, ಕೊಟ್ಟ ವರ್ಷದಲ್ಲೇ ಕಳೆಯಬೇಕು ಎಂಬ ನಿಯಮವನ್ನು 2023ರ ಹಣಕಾಸು ಕಾಯ್ದೆ ತಂದಿತು. ಅಕೌಂಟ್ಸಿನವರ ಬಾಯಲ್ಲಿ ಅದು ‘43ಬಿ ಎಚ್’. ನಮ್ಮ ಡೆಪ್ಯುಟಿಯವರು ಮಾರ್ಚ್ 31ಕ್ಕೆ ಸಣ್ಣ ಸಪ್ಲೈಯರುಗಳಿಗೆ ಬಾಕಿಯಿದ್ದ ಪೂರಾ 1 ಕೋಟಿ 20 ಲಕ್ಷವನ್ನು ಎತ್ತಿಕೊಂಡು, ಅದರ ಶೇ. 25ರಷ್ಟು ತೆರಿಗೆ ಎಂದು 30 ಲಕ್ಷ ಬರೆದಿದ್ದರು. ಸಿಎಫ್‌ಒ ಪೆನ್ನು ತೆಗೆದು ಅಲ್ಲೇ ಕಳೆಯುತ್ತ ಹೋದರು. ಬಾಕಿಯಿದ್ದ ಮಾತ್ರಕ್ಕೆ ಗಡುವು ದಾಟಿದಂತಲ್ಲ. ಈ ನಂಬರ್ ತಾಪತ್ರಯದಿಂದ ದಾಟಿದ್ದು 4 ಲಕ್ಷ. ಅದರ ಮೇಲಿನ ತೆರಿಗೆ 1 ಲಕ್ಷ. ಆ 1 ಲಕ್ಷವೂ ಹೋಗಿಯೇ ಬಿಟ್ಟದ್ದಲ್ಲ, ಏಪ್ರಿಲ್‌ನಲ್ಲಿ ಸಪ್ಲೈಯರಿಗೆ ದುಡ್ಡು ಕೊಟ್ಟರೆ ಮುಂದಿನ ವರ್ಷದ ಲೆಕ್ಕದಲ್ಲಿ ವಾಪಸ್ ಬರುತ್ತದೆ. ಒಂದು ವರ್ಷ ಮುಂಚೆ ಕಟ್ಟಿದಂತಾಯಿತು, ಅಷ್ಟೇ. ಅದರ ಬಡ್ಡಿ ಶೇ. 10 ಎಂದರೂ 10 ಸಾವಿರ. 30 ಲಕ್ಷ ಕಣ್ಣೆದುರೇ 10 ಸಾವಿರವಾಯಿತು. ಅಂದಿನ ಮೀಟಿಂಗಿನಲ್ಲಿ ಸತ್ತದ್ದು ಆ ಅಂಕಿ ಮಾತ್ರವಲ್ಲ. ಗೇಟಿನಲ್ಲಿ ನಂಬರ್ ನೋಡಿದರಾಯಿತು ಎಂಬ ನಿರಪರಾಧಿ ಐಡಿಯಾವೂ ಜೊತೆಗೇ ಸತ್ತಿತು. ಸಣ್ಣ ಸುಧಾರಣೆಗೆ ದೊಡ್ಡ ಅಂಕಿ ಕಟ್ಟಿದರೆ ಹೀಗೇ: ಅಂಕಿ ಬಿದ್ದಾಗ ಸುಧಾರಣೆಯೂ ಅದರಡಿ ಸಿಕ್ಕಿಕೊಳ್ಳುತ್ತದೆ.

ಅದನ್ನು ಮತ್ತೆ ಎಬ್ಬಿಸಿದವರು ಬಿಲ್ ಪಾಸಿಂಗ್ ಮೇಡಂ. ಅವರಿಗೆ ಪ್ರಮೋಷನ್ನಿನ ಆಸೆ ಇರಲಿಲ್ಲ, ಐದೂವರೆಗೆ ಮನೆಗೆ ಹೋಗುವ ಆಸೆ ಮಾತ್ರ ಇತ್ತು. ಅವರು ಮೊದಲು ಮಾಡಿದ್ದು ಮೂರು ತಿಂಗಳ ವಾಪಸ್ ಬಿಲ್ಲುಗಳ ರಿಜಿಸ್ಟರ್ ತೆಗೆದು, ಒಂದೊಂದೂ ಯಾಕೆ ವಾಪಸ್ ಹೋಯಿತು ಎಂದು ನೋಡಿದ್ದು. ಇಡೀ ಕಂಪನಿಯಲ್ಲಿ ಯಾರಿಗೂ ಗೊತ್ತಿರದಿದ್ದ, ಅಥವಾ ಗೊತ್ತಿದ್ದೂ ಯಾರೂ ಬರೆದಿರದಿದ್ದ ಸಂಗತಿ ಅಲ್ಲಿ ಸಿಕ್ಕಿತು. ತಿಂಗಳ 60 ಬಿಲ್ಲುಗಳಲ್ಲಿ 38ಕ್ಕೆ ಪಿಒ ಇತ್ತು, ಬಿಲ್ ಮೇಲೆ ನಂಬರ್ ಇರಲಿಲ್ಲ. ಇನ್ನುಳಿದ 22ಕ್ಕೆ ಬಿಲ್ ಮೇಲೆ ನಂಬರ್ ಇರಲು ಸಾಧ್ಯವೇ ಇರಲಿಲ್ಲ, ಯಾಕೆಂದರೆ ಮಾಲು ಗೇಟಿಗೆ ಬಂದ ದಿನ ಪಿಒ ಹುಟ್ಟಿರಲೇ ಇಲ್ಲ. ಯಾರೋ ಫೋನಿನಲ್ಲಿ ‘ಕಳಿಸಿಬಿಡಪ್ಪ, ಪೇಪರ್ ಆಮೇಲೆ ನೋಡ್ಕೊಳ್ಳೋಣ’ ಎಂದಿದ್ದರು. ಮಾಲು ಬಂದು, ಖರ್ಚೂ ಆದ ಮೇಲೆ ಪಿಒ ಮಾಡಿ ‘ರೆಗ್ಯುಲರೈಸ್’ ಮಾಡುವುದು ನಮ್ಮ ಕಡೆಯ ಪುರಾತನ ಸಂಪ್ರದಾಯ. ಮಗುವಿಗೆ ನಾಮಕರಣವಾದ ಮೇಲೆ ಮದುವೆ ನೋಂದಣಿ.

ಇನ್ನೊಂದು ಸಂಗತಿಯನ್ನೂ ಮೇಡಂ ತಿಳಿದಿದ್ದರು. 2006ರ ಎಂಎಸ್‌ಎಂಇಡಿ ಕಾಯ್ದೆಯ ಪ್ರಕಾರ ಲಿಖಿತ ಒಪ್ಪಂದವಿದ್ದರೆ ಅದರಲ್ಲಿರುವ ದಿನದೊಳಗೆ, ಹೆಚ್ಚೆಂದರೆ 45 ದಿನದೊಳಗೆ, ಸೂಕ್ಷ್ಮ ಮತ್ತು ಸಣ್ಣ ಉದ್ದಿಮೆಯವರಿಗೆ ದುಡ್ಡು ಕೊಡಬೇಕು. ಒಪ್ಪಂದವೇ ಇಲ್ಲದಿದ್ದರೆ 15 ದಿನ. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ತಿಂಗಳಿಗೊಮ್ಮೆ ಚಕ್ರಬಡ್ಡಿ. ಈ ದಿನಗಳ ಎಣಿಕೆ ಶುರುವಾಗುವುದು ಬಿಲ್ ಅಕೌಂಟ್ಸಿಗೆ ಬಂದಾಗಲ್ಲ, ಎಲ್ಲ ಕಾಗದ ಸರಿಯಾದಾಗಲೂ ಅಲ್ಲ. ಮಾಲು ತಲುಪಿದ ದಿನದಿಂದ. ಮಾಲಿನ ಬಗ್ಗೆ ತಕರಾರಿದ್ದರೆ 15 ದಿನದೊಳಗೆ ಬರೆದು ತಿಳಿಸಬೇಕು, ಇಲ್ಲವಾದರೆ ಒಪ್ಪಿಕೊಂಡಂತೆಯೇ. ಅಂದರೆ ನಾವು ಹಳದಿ ಚೀಟಿ ಅಂಟಿಸಿ ನಮ್ಮನಮ್ಮಲ್ಲೇ ಆಡುವ ಆಟದ ಯಾವ ದಿನವೂ ಗಡುವಿನಿಂದ ಕಳೆಯುವುದಿಲ್ಲ. ಹಾಗಿರುವಾಗ ನಂಬರ್ ಹುಡುಕಬೇಕಾದ ಜಾಗ ಅಕೌಂಟ್ಸಿನ ಮೇಜಲ್ಲ, ಗೇಟು.

ಮೇಡಂ ಲೆಕ್ಕ ಹಾಕಿದರು. 38 ಬಿಲ್ಲುಗಳಲ್ಲಿ ಇಂಥ ಸಣ್ಣ ಉದ್ದಿಮೆಯವರವು 25. ಒಂದೊಂದು ಸರಾಸರಿ 40 ಸಾವಿರದ್ದು. ಒಟ್ಟು 10 ಲಕ್ಷ. ಪಿಒದಲ್ಲಿ 45 ದಿನ ಎಂದಿದೆ, ದುಡ್ಡು ಹೋಗುವುದು 57ನೇ ದಿನ, 12 ದಿನ ತಡ. ಬ್ಯಾಂಕ್ ದರ ಶೇ. 6 ಎಂದಿಟ್ಟುಕೊಂಡರೆ ಬಡ್ಡಿ ಶೇ. 18. ತಿಂಗಳಿಗೆ ಸುಮಾರು 5,900 ರೂಪಾಯಿ. ಲಕ್ಷಗಳ ಮಾತಾಡುವ ಸಭೆಯಲ್ಲಿ ಇಂಥ ಅಂಕಿ ಹೇಳಲು ಧೈರ್ಯ ಬೇಕು. ಮೇಡಂ ಹೇಳಿದರು. ಅದನ್ನೂ ‘ಉಳಿತಾಯ’ ಎನ್ನಲಿಲ್ಲ, ‘ಹೊಣೆ’ ಎಂದರು. ಯಾಕೆಂದರೆ ಮುಂದಿನ ಆರ್ಡರ್ ಹೋದೀತೆಂದು ಹೆದರಿ ಬಡ್ಡಿ ಕೇಳದ ಸಪ್ಲೈಯರುಗಳೇ ಹೆಚ್ಚು. ಆದರೆ ಅವರು ಕೇಳದಿದ್ದರೂ ಆಡಿಟರ್ ಕೇಳುತ್ತಾರೆ. 45 ದಿನ ದಾಟಿದ ಬಾಕಿಯನ್ನು ಕಂಪನಿ ಆರು ತಿಂಗಳಿಗೊಮ್ಮೆ ಸರ್ಕಾರಕ್ಕೆ ಫಾರ್ಮ್ ತುಂಬಿ ತಿಳಿಸಬೇಕಾಗುತ್ತದೆ. ಆ ಫಾರ್ಮಿನಲ್ಲಿ ತಡಕ್ಕೆ ಕಾರಣ ಬರೆಯುವ ಖಾನೆಯಿದೆ. ‘ಬಿಲ್ ಮೇಲೆ ನಂಬರ್ ಇರಲಿಲ್ಲ’ ಎಂದು ಬರೆದು ಸಹಿ ಹಾಕಲು ಯಾವ ಡೈರೆಕ್ಟರಿಗೆ ಇಷ್ಟ?

ಇನ್ನು ಬರೆಯುವುದು. ಸ್ಕ್ರೀನ್ ಎಂದರೆ ಯಾವ ಸ್ಕ್ರೀನು? ಡೆಪ್ಯುಟಿಯವರ ಮನಸ್ಸಿನಲ್ಲಿದ್ದದ್ದು ಬೋರ್ಡ್ ರೂಮಿನ ಗೋಡೆ. ಮೇಡಂ ಮನಸ್ಸಿನಲ್ಲಿದ್ದದ್ದು ಗೊರಗುಂಟೆಪಾಳ್ಯದ ಸಿಗ್ನಲ್ಲಿನಲ್ಲಿ ಕಾರಿನ ಹಿಂದಿನ ಸೀಟಿನಲ್ಲಿ ಕೂತು ಎಂ.ಡಿ. ನೋಡುವ ಮೊಬೈಲು. ಅಲ್ಲಿ ಅಟ್ಯಾಚ್‌ಮೆಂಟ್ ತೆರೆಯುವುದಿಲ್ಲ, ತೆರೆದರೂ ಟೇಬಲ್ಲಿನ ಮೊದಲ ಖಾನೆ ಮಾತ್ರ ಕಾಣುತ್ತದೆ. ಹಾಗಾಗಿ ಹೇಳುವುದೆಲ್ಲ ಮೇಲ್‌ನ ಮೈಯಲ್ಲೇ ಇರಬೇಕು, ಬೆರಳಾಡಿಸದೆ ಮುಗಿಯಬೇಕು. ಬೇಕಾದವರು ಕೇಳಿದಾಗ ಕೊಡಲು ಲೆಕ್ಕದ ಹಾಳೆ ಬೇರೆ ಇರಬೇಕು. ಇದೇನೂ ಹೊಸ ಶೋಧವಲ್ಲ. 1940ರ ಆಗಸ್ಟ್ 9ರಂದು, ಜರ್ಮನಿಯ ವಿಮಾನಗಳು ಇಂಗ್ಲೆಂಡಿನ ಮೇಲೆ ಹಾರುತ್ತಿದ್ದ ಕಾಲದಲ್ಲಿ, ಚರ್ಚಿಲ್ ಪುರುಸೊತ್ತು ಮಾಡಿಕೊಂಡು ತಮ್ಮ ಇಲಾಖೆಗಳಿಗೆ ಇದನ್ನೇ ಬರೆದರು: ವರದಿಗಳು ಉದ್ದವಾದವು, ಮುಖ್ಯ ಅಂಶಗಳನ್ನು ಚಿಕ್ಕಚಿಕ್ಕ ಪ್ಯಾರಾದಲ್ಲಿ ಕೊಡಿ, ಅಂಕಿಅಂಶ ಹೆಚ್ಚಿದ್ದರೆ ಅನುಬಂಧಕ್ಕೆ ಹಾಕಿ. ಪೀಣ್ಯಕ್ಕೆ ಆ ಸುತ್ತೋಲೆ ಇನ್ನೂ ತಲುಪಬೇಕಿದೆ.

ಮೇಡಂ ಬರೆದದ್ದು ಇದು:

ವಿಷಯ: ಗೇಟಿನಲ್ಲಿ ಪಿಒ ನಂಬರ್, 4 ವಾರದ ಟ್ರಯಲ್‌ಗೆ ಶುಕ್ರವಾರದೊಳಗೆ ಒಪ್ಪಿಗೆ ಬೇಕು

ಕೋರಿಕೆ: ಮುಂದಿನ ಸೋಮವಾರದಿಂದ 4 ವಾರ, ಪಿಒ ನಂಬರ್ ಇಲ್ಲದ ಬಿಲ್ ಬಂದರೆ ಗೇಟಿನಿಂದಲೇ ಪರ್ಚೇಸಿಗೆ ಫೋನ್ ಮಾಡಿ, ನಂಬರ್ ಪಡೆದು, ಬಿಲ್ ಮೇಲೆ ಬರೆಯುವುದು. ಮಾಲು ತಡೆಯುವುದಿಲ್ಲ.

ಈಗ: ತಿಂಗಳಿಗೆ 400 ಬಿಲ್, 60 ವಾಪಸ್. 38ಕ್ಕೆ ಪಿಒ ಇದೆ, ಬಿಲ್ ಮೇಲಿಲ್ಲ. ಪಾವತಿ 57ನೇ ದಿನ, ಗಡುವು 45.

ಲಾಭ: 38 ಇಳಿದು 10 ಆದರೆ ತಿಂಗಳಿಗೆ ಸುಮಾರು ₹4,300 ಬಡ್ಡಿಯ ಹೊಣೆ ತಪ್ಪುತ್ತದೆ. ಸಿಬ್ಬಂದಿಯ 12 ಗಂಟೆ ಉಳಿಯುತ್ತದೆ (ಇದು ನಗದಲ್ಲ).

ಖರ್ಚು: ಸೀಲು, ರಿಜಿಸ್ಟರ್, ₹1,500.

ಬಗೆಹರಿಯದ್ದು: 22 ಬಿಲ್ಲಿಗೆ ಪಿಒ ಆಗಿಯೇ ಇರಲಿಲ್ಲ. ಅದು ಇದರಲ್ಲಿ ಸೇರಿಲ್ಲ.

ನಿಲ್ಲಿಸುವುದು: ಇದಕ್ಕಾಗಿ ಲಾರಿ ಗೇಟಿನಲ್ಲಿ 10 ನಿಮಿಷಕ್ಕಿಂತ ಹೆಚ್ಚು ನಿಲ್ಲುವಂತಾದರೆ, ಅಥವಾ 4 ವಾರದಲ್ಲಿ 38 ಇಳಿದು 20ರೊಳಗೆ ಬಾರದಿದ್ದರೆ.

ಆಗಲಿ / ಬೇಡ?

ಇದರಲ್ಲಿ ವಿಷನ್ ಇಲ್ಲ, ಚಕ್ರವಿಲ್ಲ, ಅಧ್ಯಕ್ಷರಿಲ್ಲ. ಮೊದಲ ಸಾಲಿನಲ್ಲೇ ಏನು ಬೇಕು, ಯಾವಾಗ ಬೇಕು ಎಂಬುದಿದೆ. ನಮ್ಮವರು ಸಾಮಾನ್ಯವಾಗಿ ಕೇಳಬೇಕಾದ್ದನ್ನು ಕೊನೆಯಲ್ಲಿ, ಹೊರಡುವ ಹೊತ್ತಿಗೆ ಚಪ್ಪಲಿ ಮೆಟ್ಟುತ್ತ ಕೇಳುವವರು. ಆ ಸಂಕೋಚ ಇಲ್ಲಿಲ್ಲ. 12 ಗಂಟೆ ಎಂಬ ಅಂಕಿಯಲ್ಲೂ ಒಂದು ಪ್ರಾಮಾಣಿಕತೆಯಿದೆ. 28 ಬಿಲ್ಲುಗಳ ಅಲೆದಾಟ ತಪ್ಪಿದರೆ ಉಳಿಯುವುದು 19 ಗಂಟೆ. ಆದರೆ ಗೇಟಿನವರು 400 ಬಿಲ್ಲನ್ನೂ ತಲಾ ಒಂದು ನಿಮಿಷ ನೋಡಬೇಕಲ್ಲ? ಅದಕ್ಕೆ 7 ಗಂಟೆ. ತನ್ನ ಮೇಜಿನ ಹೊರೆಯನ್ನು ಇನ್ನೊಬ್ಬರ ಮೇಜಿಗೆ ಸರಿಸಿ ಅದನ್ನು ಸುಧಾರಣೆ ಎಂದು ಕರೆಯುವ ಕಲೆಯಲ್ಲಿ ನಮ್ಮ ಡಿಪಾರ್ಟ್‌ಮೆಂಟುಗಳು ಪಳಗಿವೆ; ಸೆಕ್ಯೂರಿಟಿಯವರ 7 ಗಂಟೆಯನ್ನು ಕಳೆದು ತೋರಿಸಿದ್ದು ಆ ಕಂಪನಿಯಲ್ಲಿ ಅದೇ ಮೊದಲಿರಬೇಕು. ಇನ್ನು ‘ನಿಲ್ಲಿಸುವುದು’ ಎಂಬ ಸಾಲು. ಯಾವಾಗ ಸೋತಂತೆ ಎಂದು ಮೊದಲೇ ಬರೆದುಕೊಟ್ಟರೆ ‘ಆಗಲಿ’ ಎನ್ನುವವರಿಗೆ ಭಯ ಕಡಿಮೆ. ಒಪ್ಪಿದ್ದು ಶಾಶ್ವತವಲ್ಲ, ನಾಲ್ಕೇ ವಾರ, ಹಾಳಾಗುವುದು ಒಂದೂವರೆ ಸಾವಿರ.

ಈ ತೊಂಬತ್ತು ಚಿಲ್ಲರೆ ಪದದ ಹಿಂದೆ ಎರಡು ಕಪ್ ಚಹಾ ಇತ್ತು. ಮೊದಲನೆಯದು ಗೇಟಿನ ಸೆಕ್ಯೂರಿಟಿ ಸೂಪರ್‌ವೈಸರ್ ಜೊತೆ. ಮೇಡಂ ಮೊದಲು ಬರೆದಿದ್ದದ್ದು ‘ನಂಬರ್ ಇಲ್ಲದ ಗಾಡಿಯನ್ನು ಒಳಗೆ ಬಿಡಬಾರದು’ ಎಂದು. ಅವರು ನಕ್ಕುಬಿಟ್ಟರು. ‘ಮೇಡಂ, ಲೈನ್ ನಿಂತರೆ ಪ್ರೊಡಕ್ಷನ್ನಿನವರು ನನ್ನ ತಲೆ ತೆಗೀತಾರೆ. ಆವಾಗ ನಾನೇನು ಮಾಡ್ತೀನಿ ಗೊತ್ತಾ? ಯಾವುದೋ ಹಳೇ ಪಿಒ ನಂಬರ್ ಗೀಚಿ ಒಳಗೆ ಬಿಡ್ತೀನಿ.’ ಅಲ್ಲಿಗೆ ಎರಡು ಪಾಠವಾದವು. ಒಂದು, ಮಾಲು ತಡೆಯಕೂಡದು. ಎರಡು, ‘ನಂಬರ್ ಇರುವ ಬಿಲ್ ಎಷ್ಟು’ ಎಂದು ಅಳೆಯಕೂಡದು, ಏಕೆಂದರೆ ನಂಬರ್ ಯಾವುದಾದರೂ ಗೀಚಬಹುದು. ‘ಅಕೌಂಟ್ಸಿನಿಂದ ವಾಪಸ್ ಹೋದ ಬಿಲ್ ಎಷ್ಟು’ ಎಂದೇ ಅಳೆಯಬೇಕು. ಒಂದೇ ಪಿಒ ನಂಬರ್ ಹತ್ತು ಬೇರೆ ಬೇರೆ ಸಪ್ಲೈಯರ್ ಬಿಲ್ ಮೇಲೆ ಕಂಡರೆ ಗೇಟಿನಲ್ಲಿ ಏನು ನಡೆಯುತ್ತಿದೆಯೆಂದು ಬೇರೆ ಹೇಳಬೇಕಿಲ್ಲ. ಎರಡನೆಯ ಚಹಾ ಪರ್ಚೇಸ್ ಹೆಡ್ ಜೊತೆ. ಅವರು ಕೇಳಿದ್ದು ಒಂದೇ: ‘ಆ 22ರ ವಿಷಯ ಇದರಲ್ಲಿ ಎಳೀತೀರಾ?’ ‘ಇಲ್ಲ ಸಾರ್, ಇದರಲ್ಲಿ ಇಲ್ಲ’ ಎಂದರು ಮೇಡಂ. ‘ಇದರಲ್ಲಿ’ ಎಂಬ ಪದವನ್ನು ಅವರು ಸ್ವಲ್ಪ ಒತ್ತಿ ಹೇಳಿದ್ದು ಪರ್ಚೇಸ್ ಹೆಡ್ಡಿಗೆ ಕೇಳಿಸಲಿಲ್ಲ.

ಟೊಯೋಟಾದವರು ಸಮಸ್ಯೆ, ಕಾರಣ, ಮದ್ದು, ಯೋಜನೆ ಎಲ್ಲವನ್ನೂ ಒಂದು ಎ3 ಹಾಳೆಯಲ್ಲಿ ಬರೆಯುತ್ತಾರೆ ಎಂದು ನಮ್ಮ ಮ್ಯಾನೇಜರುಗಳು ಟ್ರೈನಿಂಗಿಗೆ ಹೋಗಿಬಂದು ಹೇಳುತ್ತಾರೆ, ಹಾಳೆಯನ್ನೂ ತರಿಸುತ್ತಾರೆ. ಆದರೆ ಆ ಹಾಳೆಯನ್ನು ಮೇಲಿನವರ ಮುಂದಿಡುವ ಮೊದಲು ಬರೆದವನು ಅದಕ್ಕೆ ಸಂಬಂಧಪಟ್ಟ ಒಬ್ಬೊಬ್ಬರ ಬಳಿಗೂ ಹೋಗಿ, ಅವರ ತಕರಾರು ಕೇಳಿ, ತಿದ್ದಿ ಬರೆಯುತ್ತಾನೆ ಎಂಬ ಭಾಗ ಟ್ರೈನಿಂಗಿನ ಊಟದ ನಂತರದ ಸೆಷನ್ನಿನಲ್ಲಿ ಬರುತ್ತದೆಯೋ ಏನೋ, ಯಾರಿಗೂ ನೆನಪಿರುವುದಿಲ್ಲ. ಹಾಳೆ ಮಾತ್ರ ಬಿಡದಿಯಿಂದ ಪೀಣ್ಯದವರೆಗೂ ಸಲೀಸಾಗಿ ಬಂದುಬಿಟ್ಟಿದೆ.

ಮೇಲ್ ಹೋಯಿತು. ಈಗ ಮೇಲಿನವರ ಸರದಿ, ಮತ್ತು ನಿಜವಾದ ತಮಾಷೆ. ಒಂದು ಸ್ಕ್ರೀನಿನ ಪ್ರಸ್ತಾಪದಲ್ಲಿ ಅಡಗಲು ಜಾಗವಿರುವುದಿಲ್ಲ. 34 ಸ್ಲೈಡ್ ಇದ್ದರೆ 17ನೆಯದರಲ್ಲಿ ಒಂದು ಅಕ್ಷರತಪ್ಪು ಹಿಡಿದು, 23ನೆಯದರ ಬಣ್ಣದ ಬಗ್ಗೆ ಅಭಿಪ್ರಾಯ ಕೊಟ್ಟು, ‘ಗುಡ್ ಡಿಸ್ಕಷನ್’ ಎಂದು ಎದ್ದುಹೋಗಬಹುದು. ಇಲ್ಲಿ ಇರುವುದು ‘ಆಗಲಿ’, ‘ಬೇಡ’ ಎರಡೇ ಪದ. ಹೀಗೆ ಮೂಲೆಗೆ ಸಿಕ್ಕಿದ ನಾಯಕತ್ವ ಏನು ಮಾಡುತ್ತದೆಂದರೆ, ಸ್ಕ್ರೀನನ್ನು ಹಿಗ್ಗಿಸಲು ನೋಡುತ್ತದೆ.

ಐಟಿ ಹೆಡ್ ಬರೆದರು: ‘ಒಳ್ಳೆ ಇನಿಷಿಯೇಟಿವ್. ಆದರೆ ಸೀಲು ಹಳೇ ಕಾಲದ್ದು. ಇಆರ್‌ಪಿಯಲ್ಲೇ ಗೇಟ್ ಎಂಟ್ರಿ ಮಾಡ್ಯೂಲ್ ತರೋಣ, ಎಂಟು ತಿಂಗಳು ಸಾಕು.’ ಎಚ್‌ಆರ್ ಹೆಡ್ ಬರೆದರು: ‘ಸೆಕ್ಯೂರಿಟಿಯವರ ಕಾಂಪಿಟೆನ್ಸಿ ಮ್ಯಾಪಿಂಗ್ ಮೊದಲು ಆಗಲಿ.’ ಪರ್ಚೇಸ್ ಹೆಡ್ ‘ಇನ್ ಪ್ರಿನ್ಸಿಪಲ್ ಒಪ್ಪಿಗೆ’ ಎಂದರು. ಈ ಪದಗುಚ್ಛ ಬಳಸಿದವರು ಮುಂದೆ ಯಾವತ್ತೂ ಒಪ್ಪಿದ್ದು ಚರಿತ್ರೆಯಲ್ಲಿಲ್ಲ. ಎಲ್ಲರಿಗಿಂತ ಪಕ್ಕಾ ಉತ್ತರ ಎಂ.ಡಿ.ಯವರದು: ‘ಪ್ಲೀಸ್ ಡಿಸ್ಕಸ್.’ ಸರ್ಕಾರಿ ಕಚೇರಿ ಬಲ್ಲವರಿಗೆ ಇದರ ಕನ್ನಡ ಅವತಾರ ಗೊತ್ತು. ಕಡತದ ಅಂಚಿನಲ್ಲಿ ಹಸಿರು ಶಾಯಿಯಲ್ಲಿ ‘ಚರ್ಚಿಸಿ’ ಎಂದು ಬರೆದರೆ ಕಡತ ಎಲ್ಲಿಗೂ ಹೋಗದು, ಬರೆದವರ ಮೇಲೆ ತಪ್ಪೂ ಬಾರದು. ಖಾಸಗಿಯವರು ಸರ್ಕಾರದಿಂದ ಕಲಿಯುವುದು ಏನೂ ಇಲ್ಲ ಎನ್ನುವವರು ಈ ಒಂದು ಪದವನ್ನಾದರೂ ಬಿಟ್ಟು ಹೇಳಬೇಕು.

ಮೇಡಂ ಚರ್ಚೆಗೆ ಕಾಯಲಿಲ್ಲ. ಎಲ್ಲರಿಗೂ ಸೇರಿಸಿ ನಾಲ್ಕು ಸಾಲು ಬರೆದರು. ‘ಮಾಡ್ಯೂಲ್ ಬರುವವರೆಗೆ ಸೀಲು ಇರಲಿ, ನಾಲ್ಕು ವಾರದ ಅಂಕಿ ಮಾಡ್ಯೂಲಿಗೂ ಬೇಕಾಗುತ್ತದೆ. ಸೆಕ್ಯೂರಿಟಿ ಸೂಪರ್‌ವೈಸರ್ ಒಪ್ಪಿದ್ದಾರೆ. ಸಾರ್, ಶುಕ್ರವಾರ ಸಂಜೆವರೆಗೆ ಬೇಡ ಎಂದು ತಾವು ತಿಳಿಸದಿದ್ದರೆ ಸೋಮವಾರ ಶುರು ಮಾಡುತ್ತೇವೆ. ಖರ್ಚು ಸ್ಟೋರ್ಸಿನ ಪೆಟ್ಟಿ ಕ್ಯಾಶಿನಿಂದ.’ ಶುಕ್ರವಾರದ ಆ ಸಾಲು ದೊಡ್ಡ ಪ್ರಸ್ತಾಪಗಳಲ್ಲಿ ನಡೆಯುವುದಿಲ್ಲ, ನಡೆಸಲೂಬಾರದು. ಒಂದೂವರೆ ಸಾವಿರದ, ಯಾವಾಗ ಬೇಕಾದರೂ ನಿಲ್ಲಿಸಬಹುದಾದ, ಸ್ಟೋರ್ಸಿನ ಅಧಿಕಾರದ ಮಿತಿಯೊಳಗಿನ ಕೆಲಸಕ್ಕೆ ನಡೆಯುತ್ತದೆ. ಸುಮ್ಮನಿರುವುದೇ ಒಪ್ಪಿಗೆಯಾಗುವಂತೆ ಮಾಡಿದರೆ, ಸುಮ್ಮನಿರುವುದರಲ್ಲಿ ನುರಿತವರು ಅದನ್ನು ಸುಲಭವಾಗಿ ಕೊಡುತ್ತಾರೆ. ಶುಕ್ರವಾರ ಸಂಜೆ ಯಾರೂ ಏನೂ ಹೇಳಲಿಲ್ಲ.

ನಾಲ್ಕು ವಾರವಾಯಿತು. 38 ಇದ್ದ ವಾಪಸ್ 11ಕ್ಕೆ ಇಳಿಯಿತು. ಹತ್ತು ಎಂದಿದ್ದರಲ್ಲ, ಒಂದು ಹೆಚ್ಚಾಯಿತು. ಮೇಡಂ ಅದನ್ನು ಹಾಗೆಯೇ ಬರೆದರು. ಪಿಒ ಇಲ್ಲದೆ ಬಂದ ಬಿಲ್ಲುಗಳು 22ರಿಂದ 24 ಆಗಿದ್ದವು. ಆದರೆ ಈಗ ಒಂದು ವ್ಯತ್ಯಾಸವಿತ್ತು. ಗೇಟಿನಿಂದ ಫೋನ್ ಹೋದಾಗ ಪರ್ಚೇಸಿನವರು ‘ಇದು ನಮ್ಮ ಆರ್ಡರ್ ಅಲ್ಲ, ಇಂಥವರು ನೇರ ಹೇಳಿದ್ದು’ ಎನ್ನುತ್ತಿದ್ದರು. ಸೂಪರ್‌ವೈಸರ್ ಆ ‘ಇಂಥವರ’ ಹೆಸರನ್ನೂ ಹೊಸ ರಿಜಿಸ್ಟರಿನಲ್ಲಿ ದುಂಡಗೆ ಬರೆದಿಟ್ಟಿದ್ದರು. ಅವರಿಗೆ ಯಾರೂ ಹಾಗೆ ಬರೆಯಲು ಹೇಳಿರಲಿಲ್ಲ. ಖಾನೆ ಖಾಲಿ ಬಿಟ್ಟರೆ ಅವರಿಗೆ ಸಮಾಧಾನವಾಗುತ್ತಿರಲಿಲ್ಲ, ಅಷ್ಟೇ.

ಮೇಡಂ ಎರಡನೆಯ ಸ್ಕ್ರೀನು ಬರೆದರು. ಇದು ಮೊದಲಿನದಕ್ಕಿಂತ ಚಿಕ್ಕದು. ಫೋನಿನಲ್ಲಿ ಆರ್ಡರ್ ಕೊಡುವುದನ್ನು ನಿಲ್ಲಿಸಿ ಎಂದು ಅವರು ಕೇಳಲಿಲ್ಲ. ಮಷೀನ್ ನಿಂತಾಗ ರಾತ್ರಿ ಹತ್ತಕ್ಕೆ ಬೇರಿಂಗ್ ತರಿಸಬೇಕಾದವರಿಗೆ ಪಿಒದ ನೀತಿಪಾಠ ಹೇಳಿ ಪ್ರಯೋಜನವಿಲ್ಲ ಎಂಬುದು ಅವರಿಗೆ ಗೊತ್ತು. ಅವರು ಕೇಳಿದ್ದು ಇಷ್ಟು: ಫೋನಿನಲ್ಲಿ ಹೇಳಿದ ತಕ್ಷಣ ಮಾಲು, ರೇಟು, ಎಷ್ಟು ದಿನದ ಕ್ರೆಡಿಟ್ ಎಂಬ ಮೂರನ್ನು ಸಪ್ಲೈಯರಿಗೆ ಒಂದು ಮೆಸೇಜ್ ಹಾಕಿ, ಪರ್ಚೇಸಿಗೂ ಕಾಪಿ ಕೊಡಿ, ಸಪ್ಲೈಯರಿಂದ ಒಪ್ಪಿಗೆಯ ಉತ್ತರ ತರಿಸಿಕೊಳ್ಳಿ. ಬರಹದಲ್ಲಿ ಒಪ್ಪಂದವೇ ಇಲ್ಲದಿದ್ದರೆ ಗಡುವು 45 ದಿನವಲ್ಲ, 15. ಬಾಯಿಮಾತಿನಲ್ಲಿ ತರಿಸಿದ ಮಾಲಿಗೆ ನಾವು 38ನೇ ದಿನ ಸಂತೋಷದಿಂದ ದುಡ್ಡು ಕೊಟ್ಟರೂ ಅದಾಗಲೇ 23 ದಿನ ತಡ. ಕೆಳಗೆ, 24 ಆರ್ಡರುಗಳು ಯಾರಿಂದ ಹೋದವು ಎಂಬ ಪುಟ್ಟ ಪಟ್ಟಿ. ಮೇಂಟೆನೆನ್ಸ್ 6. ಪ್ರೊಡಕ್ಷನ್ 5. ಪರ್ಚೇಸ್ 2. ಎಂ.ಡಿ. ಆಫೀಸು 11.

ಅದರ ಕೆಳಗೆ ಮಾಮೂಲಿನಂತೆ: ಆಗಲಿ / ಬೇಡ?

ಈ ಸಲ ಎಂ.ಡಿ. ಚರ್ಚಿಸಿ ಎನ್ನಲಿಲ್ಲ. ಸ್ಲೈಡ್ ಕೇಳಲಿಲ್ಲ. ಹತ್ತೇ ನಿಮಿಷದಲ್ಲಿ ಮೇಲನ್ನು ಮೇಂಟೆನೆನ್ಸ್, ಪ್ರೊಡಕ್ಷನ್, ಪರ್ಚೇಸ್ ಮೂವರಿಗೂ ಫಾರ್ವರ್ಡ್ ಮಾಡಿ, ಮೇಲೆ ಒಂದೇ ಸಾಲು ಬರೆದರು: ‘ಇದು ತುಂಬಾ ಸೀರಿಯಸ್. ನಿಮ್ಮ ನಿಮ್ಮ ಕಡೆ ಕೂಡಲೇ ಕಂಟ್ರೋಲ್ ಮಾಡಿ.’